ಸಣ್ಣಕತೆ: ಕಾಲು ಕೆಜಿ ಚಕ್ಕುಲಿ (ಅಂಗಡಿ ಲೆಕ್ಕ ಗೊತ್ತಿರುವವರು ಓದಿ ಹೇಳಿ)

ಸಂತೆಪೇಟೆ ಓದುಗ

ಪತ್ರಿಕೆಗೆ ಕಳಿಸುವ ಮುಂಚೆ ಇಲ್ಲಿ ಹಾಕುತ್ತಿದ್ದೇನೆ. ಊರು ಮೈಸೂರು, ಕಾಲ 2024ರ ಸೆಪ್ಟೆಂಬರ್ 14, ಗಣೇಶನ ಹಬ್ಬದ ಮುಂದಿನ ಶನಿವಾರ. ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿದ್ದು ಅವತ್ತಿನಿಂದಲೇ ಜಾರಿಗೆ ಬಂತು. ಭಾಷೆ ಬಗ್ಗೆ ಬೈದರೂ ಸರಿ, ಆದರೆ ಮುಖ್ಯವಾಗಿ ಲೆಕ್ಕ ನೋಡಿ.

ಶಿವಣ್ಣ ಮಂಡಿಗೆ ಫೋನ್ ಮಾಡಿದ್ದು ಕಡ್ಲೆಹಿಟ್ಟಿಗೆ. ಹಿಟ್ಟಿನ ಮಾತು ಮುಗಿದ ಮೇಲೆ ಆ ಕಡೆಯವನೇ ಕೇಳಿದ.

"ಎಣ್ಣೆ ಬೇಕಾ? ಟಿನ್ನು ಇವತ್ತು 1,800."

"ಗುರುವಾರ 1,500ಕ್ಕೆ ತಂದಿದ್ದೀನಲ್ಲ ಸ್ವಾಮಿ."

"ಗುರುವಾರದ್ದು ಗುರುವಾರಕ್ಕಾಯ್ತು. ರಾತ್ರಿ ಡ್ಯೂಟಿ ಏರಿಸವ್ರೆ, ಟೀವಿ ನೋಡ್ಲಿಲ್ವಾ?"

"ನಿಮ್ ಗೋಡೌನಲ್ಲಿರೋದು ಹಳೇ ಮಾಲೇ ಅಲ್ವಾ?"

"ಹಳೇದೇ. ಅದನ್ನ 1,500ಕ್ಕೆ ಮಾರ್ಬುಟ್ಟು ನಾಳೆ ಲೋಡು ಇಳಿಸ್ಕೊಳ್ಳೋಕೆ ದುಡ್ಡು ನೀನು ಕೊಡ್ತೀಯಾ?"

ಶಿವಣ್ಣ ಫೋನಿಟ್ಟು ಹಿಂದಿನ ಕೋಣೆಗೆ ಹೋದ. ಗೋಡೆಗೆ ಒತ್ತಿ ಆರು ಟಿನ್ ಪಾಮೋಲಿನ್ ಇದ್ದವು. ಎರಡು ವಾರಕ್ಕೆ ಸಾಕು. ಬಾಣಲೆಯ ಮುಂದೆ ಹುಡುಗ ಚಕ್ಕುಲಿ ಒತ್ತುತ್ತಿದ್ದ. ಈ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಾರಾ ಸೇವೆ ಎಲ್ಲಕ್ಕೂ ಒಂದೇ ದರ, ಕೆಜಿಗೆ 240. ಬೋರ್ಡು ಬರೆಯುವಾಗ ಸುಲಭವಾಗಲಿ ಎಂದು ಅವನಪ್ಪ ಮಾಡಿಟ್ಟ ಪದ್ಧತಿ ಅದು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು, ಎದುರು ಬೀದಿಯ ಅಂಗಡಿಯಲ್ಲಿ 280 ಮಾಡಿದ್ದಾರಂತೆ. ಶಿವಣ್ಣನ ತಲೆಗೂ ಮೊದಲು ಹೊಳೆದದ್ದು ಅದೇ ಲೆಕ್ಕ. ಎಣ್ಣೆ 20 ಪರ್ಸೆಂಟ್ ಏರಿದರೆ 240ಕ್ಕೆ 20 ಪರ್ಸೆಂಟ್ ಸೇರಿಸಿದರೆ 288. ಎಂಟು ರೂಪಾಯಿ ಬಿಟ್ಟು 280.

"ಅಕ್ಕಿಹಿಟ್ಟು ಏರಿದೆಯೇನ್ರೀ?" ಅಂದಳು ಜಯಂತಿ. ಊಟದ ಡಬ್ಬಿ ತಂದವಳು ಹೋಗದೆ ಗಲ್ಲಾದ ಹತ್ತಿರ ಕೂತಿದ್ದಳು.

"ಇಲ್ಲ."

"ಹುಡುಗನ ಸಂಬಳ? ಗ್ಯಾಸು? ಬಾಡಿಗೆ?"

"ಅದೆಲ್ಲ ಹಂಗೇ ಇದೆ."

"ಮತ್ತೆ ಅದಕ್ಕೆಲ್ಲ ಯಾಕೆ 20 ಪರ್ಸೆಂಟು? ಒಂದು ಕೆಜಿ ಚಕ್ಕುಲಿಗೆ ಎಣ್ಣೆ ಎಷ್ಟು ಹೋಗುತ್ತೆ ಅದನ್ನ ಹೇಳಿ."

ಇಷ್ಟು ವರ್ಷ ಚಕ್ಕುಲಿ ಮಾರಿದವನಿಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಬಾಣಲೆಗೆ ಸುರಿಯುತ್ತೇವೆ, ಇಳಿದಾಗ ಮತ್ತೆ ಸುರಿಯುತ್ತೇವೆ, ಕಪ್ಪಾದರೆ ತೆಗೆದಿಡುತ್ತೇವೆ. ಅಷ್ಟೇ. ಜಯಂತಿ ಖರ್ಚಿನ ಪುಸ್ತಕ ಎಳೆದುಕೊಂಡಳು. ಗಣೇಶನ ಹಬ್ಬದ ವಾರ ಬಿಟ್ಟಳು. ಮಿಕ್ಕ ವಾರಗಳಲ್ಲಿ ಖಾಲಿಯಾಗಿದ್ದು ಮೂರು ಟಿನ್ನು, 45 ಕೆಜಿ. ಕರಿದು ಮಾರಿದ ತಿಂಡಿ 150 ಕೆಜಿ ಆಸುಪಾಸು.

"ಕೆಜಿಗೆ 300 ಗ್ರಾಂ. ಚೆಲ್ಲಿದ್ದು, ಕಪ್ಪಾಗಿದ್ದು, ಹುಡುಗ ಮೊರದ ಮೇಲೆ ಸುರಿಸಿದ್ದು ಎಲ್ಲ ಇದರಲ್ಲೇ ಬಂತು. ಟಿನ್ನಲ್ಲಿ 15 ಕೆಜಿ, ಅಲ್ಲಿಗೆ ಹಳೇ ರೇಟು ಕೆಜಿಗೆ 100, ಹೊಸದು 120. 300 ಗ್ರಾಮಿಗೆ ಆಗ 30, ಈಗ 36."

"ಆರು ರೂಪಾಯಿ?"

"ಕೆಜಿಗೆ ಆರು ರೂಪಾಯಿ. ಕಾಲು ಕೆಜಿಗೆ ಒಂದೂವರೆ."

ಶಿವಣ್ಣನಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು. ಕಾಲು ಕೆಜಿಗೆ ಅವನು 60 ತೆಗೆದುಕೊಳ್ಳುತ್ತಿದ್ದ. 61 ರೂಪಾಯಿ 50 ಪೈಸೆ ಯಾರನ್ನು ಕೇಳುವುದು? ಐವತ್ತು ಪೈಸೆ ನಾಣ್ಯ ನೋಡಿ ಎಷ್ಟು ಕಾಲವಾಯಿತು? 62 ಅಂದರೆ ಒಂದು ಇಡೀ ದಿನ ಮೂರು ರೂಪಾಯಿ ಚಿಲ್ಲರೆ ಹುಡುಕುವುದೇ ಕೆಲಸ.

ಸಂಜೆ ಬೇರೊಂದು ಕಂಪನಿಯ ಸೇಲ್ಸ್ ಹುಡುಗ ಬಂದ. "ಅಣ್ಣ, ನಮ್ಮದು 1,700. ನೂರು ರೂಪಾಯಿ ಕಮ್ಮಿ." ಶಿವಣ್ಣ ಹೂಂ ಅನ್ನುವಷ್ಟರಲ್ಲಿ ಟಿನ್ನಿನ ಮೇಲಿದ್ದ ಅಕ್ಷರ ಓದಿದ. 15 ಲೀಟರ್. ಕೆಜಿ ಅಲ್ಲ. ಲೀಟರಿಗೆ 910 ಗ್ರಾಂ ಹಿಡಿದರೆ ಟಿನ್ನಿನಲ್ಲಿ 13 ಕೆಜಿ 650 ಗ್ರಾಂ. ಕೆಜಿಗೆ 124 ರೂಪಾಯಿ ದಾಟುತ್ತದೆ. "ನಿಂದೇ ತುಟ್ಟಿ ಕಣಪ್ಪ," ಅಂದ. ಹುಡುಗ ನಕ್ಕು ಮುಂದಿನ ಅಂಗಡಿಗೆ ಹೋದ.

ಅಂಗಡಿ ಮುಚ್ಚುವ ಮುಂಚೆ ಬೋರ್ಡು ಒರೆಸಿ ಬರೆದರು. ಕೆಜಿ 250. ಅರ್ಧ 125. ಕಾಲು 65.

"ಕಾಲಿಗೆ ಐದು ರೂಪಾಯಿ ಜಾಸ್ತಿ ಆಯ್ತು," ಅಂದಳು ಜಯಂತಿ.

"ಆಯ್ತು," ಅಂದ ಶಿವಣ್ಣ.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಂದರು, ವಾರ ವಾರ ಬರುವ ಹಾಗೆ. ಬೋರ್ಡು ನೋಡಿದರು, ಆಮೇಲೆ ಹಿಂದಿನ ಕೋಣೆಯಲ್ಲಿ ಕಾಣುತ್ತಿದ್ದ ಟಿನ್ನುಗಳನ್ನು ನೋಡಿದರು.

"ಡ್ಯೂಟಿ ಏರಿದ್ದು ನಿನ್ನೆಯಿಂದ ಅಲ್ವೇನಯ್ಯ? ಇದು ಹಳೇ ಎಣ್ಣೇಲಿ ಕರಿದದ್ದು ತಾನೆ?"

"ಹೌದು ಸಾರ್," ಅಂದ ಶಿವಣ್ಣ. "ಕಾಲು ಕೆಜಿ 65."

---

ಹಾಸನದ ಕಿರಾಣಿ

ಕತೆ ಚೆನ್ನಾಗಿದೆ, ಆದರೆ ನಿಮ್ಮ ಶಿವಣ್ಣ ಸಿಕ್ಕಿಹಾಕಿಕೊಳ್ಳುತ್ತಾನೆ. ಹಳೇ ಸ್ಟಾಕನ್ನ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿಗೆ ಮಾರೋ ಹಾಗಿಲ್ಲ. ತೂಕ ಮತ್ತು ಅಳತೆ ಇಲಾಖೆಯವರು ಬಂದರೆ ದಂಡ ಕಟ್ಟಬೇಕು. ನಾನು ಅವತ್ತು ಹಳೇ ಪ್ಯಾಕೆಟ್ಟುಗಳನ್ನ ಹಳೇ ರೇಟಿಗೇ ಕೊಟ್ಟೆ. ಎರಡೇ ದಿನಕ್ಕೆ ಖಾಲಿ, ಪಕ್ಕದ ಬೀದಿಯ ಹೋಟೆಲಿನವರೇ ಬಂದು ಬಾಕ್ಸುಗಟ್ಟಲೆ ಹೊತ್ತುಕೊಂಡು ಹೋದರು.

ಬಾಣಲೆ ಭಟ್ಟರು

ಕಿರಾಣಿಯವರೇ, ಶಿವಣ್ಣ ಎಣ್ಣೆ ಮಾರುತ್ತಿಲ್ಲ, ಚಕ್ಕುಲಿ ಮಾರುತ್ತಿದ್ದಾನೆ. ಗಿರಾಕಿಯ ಎದುರಿಗೇ ತೂಗಿ ಕೊಡುವ ಮಾಲಿಗೆ ಎಂಆರ್‌ಪಿ ಇಲ್ಲ. ಅದೇ ಮಾಲನ್ನ ಮೊದಲೇ ಪ್ಯಾಕ್ ಮಾಡಿ ಸೀಲ್ ಹಾಕಿಟ್ಟರೆ ಮಾತ್ರ ತೂಕ, ಬೆಲೆ ಅಚ್ಚಾಗಿರಬೇಕು, ಅಚ್ಚಾದ ಬೆಲೆಗೇ ಕೊಡಬೇಕು.

ನಾನು ಇದೇ ಕಸುಬಿನಲ್ಲಿ ಬಹಳ ಕಾಲ ಇದ್ದು ಈಗ ಮಗನಿಗೆ ಬಿಟ್ಟಿದ್ದೇನೆ. ಜಯಂತಿಯ ಲೆಕ್ಕ ಒಪ್ಪುತ್ತೇನೆ. ಕರಿಯುವ ಮುಂಚೆ ಬಾಣಲೆ ತೂಗು, ಆಮೇಲೆ ತೂಗು ಅಂತ ಹೇಳಿಕೊಡುವವರಿದ್ದಾರೆ. ಒಂದು ಒಬ್ಬೆಗೆ ಅದು ಸರಿ, ಆದರೆ ಕೊನೆಗೆ ತೆಗೆದು ಹಾಕುವ ಎಣ್ಣೆ ಅದರಲ್ಲಿ ಸಿಗುವುದಿಲ್ಲ. ಪುಸ್ತಕದ ಲೆಕ್ಕದಲ್ಲಿ ಎಲ್ಲ ಸಿಗುತ್ತದೆ.

ಒಂದು ತಕರಾರು ಇದೆ. 300 ಗ್ರಾಂ ಎಂಬುದು ಸರಾಸರಿ. ಖಾರಾ ಸೇವೆಯ ಎಳೆ ತೆಳು, ಮೈಯೆಲ್ಲ ಎಣ್ಣೆ ಕುಡಿಯುತ್ತದೆ, 350 ಗ್ರಾಂ ದಾಟಿದರೂ ಆಶ್ಚರ್ಯವಿಲ್ಲ. ನಿಪ್ಪಟ್ಟು ದಪ್ಪ, ಅಷ್ಟು ಕುಡಿಯುವುದಿಲ್ಲ. ಎಲ್ಲಕ್ಕೂ ಒಂದೇ ದರ ಇಟ್ಟರೆ ನಿಪ್ಪಟ್ಟಿನ ಗಿರಾಕಿ ಸೇವೆಯ ಗಿರಾಕಿಗೆ ಎಣ್ಣೆ ಕೊಡಿಸಿದ ಹಾಗೆ. ಎಣ್ಣೆ ಅಗ್ಗವಿದ್ದಾಗ ಇದು ಗೊತ್ತಾಗುವುದಿಲ್ಲ. ಅಪ್ಪನ ಪದ್ಧತಿಯನ್ನ ಮುರಿಯಲು ಒಳ್ಳೆ ಸಮಯ ಅದಾಗಿತ್ತು, ನಿಮ್ಮ ಕತೆ ಅಲ್ಲಿಗೆ ಹೋಗಲೇ ಇಲ್ಲ.

ರಾಜಾಜಿನಗರ 4ನೇ ಬ್ಲಾಕ್

ಮಂಡಿಯವನನ್ನ ಯಾರೂ ಕೇಳಲ್ವಾ? ಸುಂಕ ಏರಿದ್ದು 22 ಪರ್ಸೆಂಟು ನಿಜ. ಆದರೆ ಸುಂಕ ಇರೋದು ಹಡಗಿನಿಂದ ಇಳಿಯೋ ಮಾಲಿಗೆ. ಇವನ ಗೋಡೌನಿಗಲ್ಲ. ಶನಿವಾರ ಬೆಳಗ್ಗೆ 300 ರೂಪಾಯಿ ಸೇರಿಸಿದ್ದು ಶುದ್ಧ ಲೂಟಿ. ಸರ್ಕಾರವೇ ಆಗ ಕಂಪನಿಗಳನ್ನ ಕರೆದು ಹಳೇ ಸುಂಕದ ಮಾಲು ಮುಗಿಯೋ ತನಕ ರೇಟು ಏರಿಸಬೇಡಿ ಅಂದಿತ್ತು.

ಬಾಣಲೆ ಭಟ್ಟರು

ಅರ್ಧ ಸರಿ. ಕಚ್ಚಾ ಎಣ್ಣೆಗೆ ಸೆಸ್ಸು ಎಲ್ಲ ಸೇರಿ 5.5 ಇದ್ದದ್ದು 27.5 ಆಯಿತು, ಶುದ್ಧೀಕರಿಸಿದ್ದಕ್ಕೆ 13.75 ಇದ್ದದ್ದು 35.75. ಎರಡರಲ್ಲೂ ಅಂತರ 22. ಆದರೆ ಅದು ನೂರು ರೂಪಾಯಿ ಮಾಲಿನ ಮೇಲೆ 22. ಬಂದರಿನಲ್ಲಿ 105.50 ಬೀಳುತ್ತಿದ್ದದ್ದು 127.50 ಬಿತ್ತು ಅಂದರೆ ಏರಿಕೆ 21 ಪರ್ಸೆಂಟಿಗೂ ತುಸು ಕಮ್ಮಿ. ಮಂಡಿಯವನು ಏರಿಸಿದ್ದು ಸರಿಯಾಗಿ 20. ಲೆಕ್ಕ ಅವನಿಗೆ ಬರುತ್ತಿತ್ತು.

ಸರ್ಕಾರ ಹೇಳಿದ್ದೂ ಹೌದು. ಕಮ್ಮಿ ಸುಂಕದಲ್ಲಿ ಬಂದ ಸುಮಾರು 30 ಲಕ್ಷ ಟನ್ ದೇಶದಲ್ಲಿದೆ, 45ರಿಂದ 50 ದಿನಕ್ಕೆ ಸಾಕು ಅಂತ ಆಹಾರ ಇಲಾಖೆ ಹೇಳಿತ್ತು. ಅದು ಎಣ್ಣೆ ಕಂಪನಿಗಳ ಸಂಘಗಳಿಗೆ ಕೊಟ್ಟ ಸಲಹೆ. ಲೂಸ್ ಟಿನ್ನು ಮಾರುವ ಮಂಡಿಯ ಬಾಗಿಲಿಗೆ ಅದು ಬರಲೇ ಇಲ್ಲ.

ರಾಜಾಜಿನಗರ 4ನೇ ಬ್ಲಾಕ್

ಸರಿ, ಹಾಗಾದರೆ ಶಿವಣ್ಣನೂ ಅದೇ ಜಾತಿ. ಆರು ಟಿನ್ನು, ಟಿನ್ನಿಗೆ 300 ಅಂದರೆ 1,800 ರೂಪಾಯಿ ಪುಕ್ಕಟೆ. ಮಂಡಿಯವನನ್ನ ಕೇಳಿದ ಪ್ರಶ್ನೆಯನ್ನೇ ಮೇಷ್ಟ್ರು ಇವನನ್ನ ಕೇಳಿದರು, ಇವನ ಹತ್ರ ಉತ್ತರ ಇರಲಿಲ್ಲ.

ಟ್ಯಾಲಿ ತಮ್ಮಯ್ಯ

ಪುಕ್ಕಟೆ ಅಲ್ಲ ಸಾರ್. ಆರು ಟಿನ್ನಿಗೆ ಅವನು ಹಾಕಿದ್ದು 9,000. ಹಳೇ ದರದಲ್ಲೇ ಮಾರಿದರೆ ಎರಡು ವಾರದ ಕೊನೆಗೆ ಎಣ್ಣೆಗೆ ಅಂತ ಗಲ್ಲಾಕ್ಕೆ ವಾಪಸ್ ಬರೋದು ಅದೇ 9,000. ಅದಕ್ಕೆ ಈಗ ಐದು ಟಿನ್ನು ಬರುತ್ತೆ, ಆರಲ್ಲ. ಒಂದು ಟಿನ್ನು ಎಲ್ಲಿಂದ ತರ್ತಾನೆ? ಮನೆ ದುಡ್ಡಿಂದ, ಇಲ್ಲ ಸಾಲದಿಂದ. ಸಣ್ಣ ಅಂಗಡಿ ಮುಳುಗೋದು ನಷ್ಟದಿಂದಲ್ಲ, ಹೀಗೆ ಸ್ಟಾಕು ಸವೆದು ಸವೆದು. ನಾನು ಇಂಥವರ ಪುಸ್ತಕ ಬರೀತೀನಿ, ಲಾಭ ಕಾಣುತ್ತೆ, ಗೋಡೌನು ಮಾತ್ರ ಪ್ರತಿ ವರ್ಷ ಚಿಕ್ಕದಾಗ್ತಾ ಬರುತ್ತೆ.

ರಾಜಾಜಿನಗರ 4ನೇ ಬ್ಲಾಕ್

ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಮೂಲ ಸುಂಕ 20ರಿಂದ 10ಕ್ಕೆ ಇಳೀತಲ್ಲ. ಆಗ ಗೋಡೌನಲ್ಲಿ ತುಟ್ಟಿ ಟಿನ್ನು ಇಟ್ಕೊಂಡು ಮಾರನೇ ದಿನವೇ ಚಕ್ಕುಲಿ ರೇಟು ಇಳಿಸಿದ ಒಬ್ಬ ಅಂಗಡಿಯವನನ್ನ ತೋರಿಸಿ.

ಟ್ಯಾಲಿ ತಮ್ಮಯ್ಯ

ತೋರಿಸೋಕೆ ಆಗಲ್ಲ.

ಬೀದರ ಸೋಯಾ

ನೀವೆಲ್ಲಾ ಅಂಗಡಿ ಒಳಗ ಕುಂತು ಲೆಕ್ಕಾ ಹಾಕಾಕತ್ತೀರಿ. ಸುಂಕ ಏರ್ಸಿದ್ದು ನಮ್ಮಂಥಾ ರೈತರ ಸಲುವಾಗಿ ಅಂತ ಹೇಳಿದ್ರು. ಆ ವರ್ಷ ಸೋಯಾಬೀನಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892. ಮಾರ್ಕೆಟ್ನಾಗ ಅದಕ್ಕಿಂತ ಕಡಿಮೀನೇ ಇತ್ತು. ಸುಂಕ ಏರಿದ ಮ್ಯಾಲೂ ನಮ್ ಕಡೆ ಬೆಂಬಲ ಬೆಲೆ ಮುಟ್ಟಲಿಲ್ಲ. ಚಕ್ಕುಲಿ ತುಟ್ಟಿ ಆತು, ನಮ್ ಕಾಳು ಆಗಲಿಲ್ಲ. ಆ ಐದು ರೂಪಾಯಿ ಎಲ್ಲಿ ಹೋತು ಅಂತ ಕತಿಯೊಳಗ ಬರೀರಿ.

ಬಾಣಲೆ ಭಟ್ಟರು

ಸೋಯಾ ಅವರೇ, ನಿಮ್ಮ ಕಾಳಿನಲ್ಲಿ ಎಣ್ಣೆ ಇರುವುದು ಐದರಲ್ಲಿ ಒಂದು ಪಾಲಿಗಿಂತ ಕಮ್ಮಿ, ಮಿಕ್ಕದ್ದೆಲ್ಲ ಹಿಂಡಿ. ಆ ವರ್ಷ ಹಿಂಡಿಯ ಬೆಲೆ ಬಿದ್ದಿತ್ತು. ಎಣ್ಣೆ ಮೇಲೆತ್ತಿದ್ದನ್ನ ಹಿಂಡಿ ಕೆಳಗೆಳೆಯಿತು. ಇದು ಉತ್ತರ ಅಷ್ಟೇ, ಸಮಾಧಾನ ಅಲ್ಲ.

ಬೀದರ ಸೋಯಾ

ಹೌದ್ರೀ, ಮಿಲ್ಲಿನವ್ರೂ ಇದನ್ನೇ ಹೇಳಿದ್ರು.

ಕೋಡುಬಳೆ ಪ್ರಿಯೆ

ನನಗೆ ಅರ್ಥವಾಗದ್ದು 62 ರೂಪಾಯಿ. ಈಗ ಎಲ್ಲರೂ ಸ್ಕ್ಯಾನ್ ಮಾಡಿ ಕೊಡ್ತಾರಲ್ಲ. 61.50 ಅಂತಲೇ ಹಾಕಬಹುದು, ಚಿಲ್ಲರೆ ನೆಪ ಯಾಕೆ?

ಸಂತೆಪೇಟೆ ಓದುಗ

ಶಿವಣ್ಣನ ಅಂಗಡಿಗೆ ಬರುವವರಲ್ಲಿ ಮೇಷ್ಟ್ರ ವಯಸ್ಸಿನವರೇ ಜಾಸ್ತಿ, ನೋಟು ಕೊಡುತ್ತಾರೆ. ಜೊತೆಗೆ ಬೋರ್ಡಿನಲ್ಲಿ 61.50 ಅಂತ ಬರೆದರೆ ಜನ ನಗುತ್ತಾರೆ. ಅವನು 65 ಮಾಡಿದ್ದು ಚಿಲ್ಲರೆಗಾಗಿ ಎಂದು ಓದುವವರು ಹಾಗೆ ಓದಲಿ, ಆಸೆಗೆ ಎಂದು ಓದುವವರು ಹಾಗೆ ಓದಲಿ. "ಆಯ್ತು" ಎಂದಷ್ಟೇ ಬರೆದಿರುವುದು ಅದಕ್ಕೇ.

ಟ್ಯಾಲಿ ತಮ್ಮಯ್ಯ

ಹಾಗೆ ಓದೋಕೆ ಬಿಡಬೇಡಿ, ಲೆಕ್ಕ ಮಾಡೇಬಿಡೋಣ. ವಾರಕ್ಕೆ 150 ಕೆಜಿ, ಕೆಜಿಗೆ ಆರು ರೂಪಾಯಿ, ಅಂದರೆ ಅವನಿಗೆ ವಾಪಸ್ ಬರಬೇಕಾದ್ದು 900. ಅದರಲ್ಲಿ 100 ಕೆಜಿ ಕಾಲು ಕಾಲಾಗಿ ಹೋಗುತ್ತೆ ಅಂದ್ಕೊಳ್ಳಿ. ಕಾಲಿಗೆ ಐದು ಅಂದರೆ ಕೆಜಿಗೆ 20, ಅಲ್ಲಿಗೆ 2,000. ಮಿಕ್ಕ 50 ಕೆಜಿಗೆ ಹತ್ತರಂತೆ 500. ಒಟ್ಟು 2,500. ಬೇಕಾದ್ದಕ್ಕಿಂತ 1,600 ಜಾಸ್ತಿ, ಪ್ರತಿ ವಾರ.

ಆದರೆ ಇದು ವ್ಯಾಪಾರ ಕುಗ್ಗದಿದ್ದರೆ ಮಾತ್ರ. ಹಿಟ್ಟು, ಎಣ್ಣೆ, ಗ್ಯಾಸು ಎಲ್ಲ ಕಳೆದು ಕೆಜಿಗೆ ನೂರು ರೂಪಾಯಿ ಉಳಿಯುತ್ತೆ ಅಂತಿಟ್ಟರೆ, ವಾರಕ್ಕೆ 15 ಕೆಜಿ ಕಮ್ಮಿ ಹೋದರೂ ಆ 1,600 ಹತ್ತತ್ರ ಪೂರ್ತಿ ಹೋಯ್ತು. ಮೇಷ್ಟ್ರಂಥವರು ಎಷ್ಟು ಜನ ಬರೋದು ನಿಲ್ಲಿಸ್ತಾರೆ ಅನ್ನೋದರ ಮೇಲೆ ನಿಂತಿದೆ.

ಬಾಣಲೆ ಭಟ್ಟರು

ದಸರಾ ಹತ್ತಿರ ಇತ್ತು, ಮೈಸೂರು. ನಿಲ್ಲಿಸುವುದಿಲ್ಲ. ಅಲ್ಲದೆ ಎಣ್ಣೆ ಅಲ್ಲಿಗೇ ನಿಲ್ಲಲಿಲ್ಲ, ದೀಪಾವಳಿಯ ಹೊತ್ತಿಗೆ ಹೊರದೇಶದಲ್ಲೇ ತಾಳೆ ಎಣ್ಣೆ ಇನ್ನೂ ಏರಿತು. ಕೆಜಿಗೆ ಆರು ರೂಪಾಯಿ ಮಾತ್ರ ಏರಿಸಿದ್ದರೆ ತಿಂಗಳೊಳಗೆ ಮತ್ತೆ ಬೋರ್ಡು ಒರೆಸಬೇಕಿತ್ತು. ಗಿರಾಕಿ ಒಂದು ಸಲ ಏರಿಸಿದ್ದನ್ನ ಮರೆಯುತ್ತಾನೆ, ಎರಡು ಸಲ ಏರಿಸಿದ್ದನ್ನ ಮರೆಯುವುದಿಲ್ಲ.

ನನಗೆ ಭಯ ಇರುವುದು ಬೆಲೆ ಏರಿಸದವರ ಬಗ್ಗೆ. ಎಣ್ಣೆ ತುಟ್ಟಿಯಾದಾಗ ಬೋರ್ಡು ಹಾಗೇ ಇರುತ್ತದೆ, ಬಾಣಲೆಯ ಎಣ್ಣೆ ಇನ್ನೆರಡು ದಿನ ಹೆಚ್ಚು ಓಡುತ್ತದೆ. ಚಕ್ಕುಲಿ ಬಿಟ್ಟಾಗ ಬರುವ ಗುಳ್ಳೆ ಸ್ವಲ್ಪ ಹೊತ್ತಿಗೆ ಕರಗಬೇಕು. ಕರಗದೆ ನೊರೆಯಾಗಿ ಬಾಣಲೆಯ ಅಂಚಿಗೆ ಏರಿದರೆ, ಮುಂಚೆಗಿಂತ ಬೇಗ ಹೊಗೆಯಾಡಿದರೆ, ಮುಗಿಯಿತು, ತೆಗೆದು ಹಾಕಬೇಕು. ಕಾನೂನಿನಲ್ಲೂ ಮಿತಿ ಇದೆ, ಕೆಟ್ಟ ಅಂಶ 25 ಪರ್ಸೆಂಟ್ ದಾಟುವ ಹಾಗಿಲ್ಲ, 2018ರಿಂದ ಜಾರಿಯಲ್ಲಿದೆ. ಅಳೆಯುವ ಮೀಟರು ಎಷ್ಟು ಸಣ್ಣ ಅಂಗಡಿಯಲ್ಲಿ ನೋಡಿದ್ದೀರಿ? ಹಳೇ ಎಣ್ಣೆ ಮಂದವಾಗುತ್ತದೆ, ತಿಂಡಿಗೆ ಹೆಚ್ಚು ಅಂಟಿಕೊಂಡು ಬರುತ್ತದೆ. ಉಳಿತಾಯವೂ ಅವರಂದುಕೊಂಡಷ್ಟು ಆಗುವುದಿಲ್ಲ.

ಶಿವಮೊಗ್ಗದ ಅತ್ತೆ

ನಾನು ಮನೇಲೇ ಆರ್ಡರ್ ಮೇಲೆ ಚಕ್ಕುಲಿ, ತೇಂಗೊಳಲು ಮಾಡಿಕೊಡ್ತೀನಿ. ಸೂರ್ಯಕಾಂತಿ ಎಣ್ಣೆ. ಹಬ್ಬಕ್ಕೆ ತಿಂಗಳ ಮುಂಚೆಯೇ ರೇಟು ಹೇಳಿ ಅಡ್ವಾನ್ಸ್ ತಗೊಂಡಿರ್ತೀನಿ, ಆಮೇಲೆ ಎಣ್ಣೆ ಏರಿದರೆ ನನ್ನ ಗತಿ ಏನು? ನಿಮ್ಮ 300 ಗ್ರಾಂ ಲೆಕ್ಕ ನನಗೆ ಹೊಂದುತ್ತಾ? ಎರಡು ಕೆಜಿ ಚಕ್ಕುಲಿಗೆ ಬಾಣಲೆಗೆ ಒಂದೂವರೆ ಲೀಟರ್ ಹಾಕ್ತೀನಿ, ಕೊನೇಲಿ ಮುಕ್ಕಾಲು ಲೀಟರ್ ಉಳಿಯುತ್ತೆ.

ಬಾಣಲೆ ಭಟ್ಟರು

ಅಮ್ಮಾ, ಮೊದಲು ಉಳಿದ ಎಣ್ಣೆ ಏನು ಮಾಡುತ್ತೀರಿ ಹೇಳಿ. ಒಗ್ಗರಣೆಗೋ ಮುಂದಿನ ಒಬ್ಬೆಗೋ ಬಳಸಿದರೆ, ಖರ್ಚಾದದ್ದು ಮುಕ್ಕಾಲು ಲೀಟರ್, ಅಂದರೆ ಸುಮಾರು 680 ಗ್ರಾಂ. ಕೆಜಿಗೆ 340 ಬಿತ್ತು. ಎಸೆದುಬಿಟ್ಟರೆ ಒಂದೂವರೆ ಲೀಟರೂ ಆ ಎರಡು ಕೆಜಿಯ ತಲೆಗೇ ಬರುತ್ತದೆ, ಕೆಜಿಗೆ 680 ಗ್ರಾಂ. ಅಂಗಡಿಯವನ ಎರಡರಷ್ಟಕ್ಕೂ ಜಾಸ್ತಿ.

ಶಿವಮೊಗ್ಗದ ಅತ್ತೆ

ಮಾರೋ ತಿಂಡಿಗೆ ಎರಡನೇ ಸಲ ಹಾಕಲ್ಲ. ಮನೆ ಅಡುಗೆಗೆ ಹಾಕ್ತೀನಿ, ಒಂದಿಷ್ಟು ದೇವರ ಮನೆ ದೀಪಕ್ಕೆ.

ಟ್ಯಾಲಿ ತಮ್ಮಯ್ಯ

ಹಾಗಾದರೆ ಮನೆಗೆ ಹೋದ ಎಣ್ಣೆಗೆ ಮನೆ ಖರ್ಚಿಂದ ದುಡ್ಡು ತೆಗೆದು ಆರ್ಡರ್ ಡಬ್ಬಿಗೆ ಹಾಕಿ ಅತ್ತೆ, ಇಲ್ಲದಿದ್ದರೆ ಚಕ್ಕುಲಿಯಲ್ಲಿ ನಷ್ಟ ಅಂತ ಸುಮ್ಮನೆ ಅನಿಸುತ್ತೆ. ಅಡ್ವಾನ್ಸ್ ತಗೊಂಡಿರೋ ಆರ್ಡರಿಗೆ ಮಾತ್ರ ಏರಿಸಬೇಡಿ. ಅಡ್ವಾನ್ಸ್ ಬಂದ ದಿನವೇ ಅದರಲ್ಲಿ ಅಷ್ಟಕ್ಕೂ ಬೇಕಾದ ಎಣ್ಣೆ ತಂದಿಟ್ಟರೆ ಆಮೇಲೆ ಏನಾದರೂ ಆಗಲಿ.

ಹಾಸನದ ಕಿರಾಣಿ

ತಂದಿಡುವಾಗ ಪ್ಯಾಕೆಟ್ಟಿನ ಮೇಲೆ ಗ್ರಾಂ ನೋಡಿ ಅತ್ತೆ, ಬರೀ ಅಳತೆ ನೋಡಿ ತರಬೇಡಿ. ನನ್ನ ಅಂಗಡಿಯಲ್ಲೇ ಒಂದೇ ಗಾತ್ರ ಕಾಣೋ ಎರಡು ಪ್ಯಾಕೆಟ್ ಇವೆ, ಒಂದು 910 ಗ್ರಾಂ, ಇನ್ನೊಂದು 850. ಎರಡಕ್ಕೂ ಹತ್ತು ರೂಪಾಯಿ ಅಂತರ.

ಶಿವಮೊಗ್ಗದ ಅತ್ತೆ

850ರದ್ದು ಹತ್ತು ರೂಪಾಯಿ ಕಮ್ಮಿ ಇದ್ದರೆ ಯಾವುದು ಅಗ್ಗ ಆಯ್ತು?

ಹಾಸನದ ಕಿರಾಣಿ

910ರದ್ದು 140 ಅಂದ್ಕೊಳ್ಳಿ, 850ರದ್ದು 130. ಕೆಜಿಗೆ ಒಂದು ರೂಪಾಯಿ ಸಹ ವ್ಯತ್ಯಾಸ ಇಲ್ಲ. ಎರಡು ಕೆಜಿ ಚಕ್ಕುಲಿಗೆ ಬೇಕಾದ ಗ್ರಾಂ ಲೆಕ್ಕ ಹಾಕಿ ಎಷ್ಟು ಪ್ಯಾಕೆಟ್ ಬೇಕು ಅಂತ ಬರ್ಕೊಂಡು ಬನ್ನಿ. ಬಾಣಲೆಗೆ ಎರಡು ಪ್ಯಾಕೆಟ್ ಸಾಕು ಅಂತ 850ರದ್ದು ತಗೊಂಡು ಹೋದವರು ಮಧ್ಯದಲ್ಲಿ ಮೂರನೇದಕ್ಕೆ ಹುಡುಗನನ್ನ ಓಡಿಸ್ತಾರೆ.